ವಾಷಿಂಗ್ ಮೆಷಿನ್ ಪೈಪು ನಲ್ಲಿ ಹತ್ರ ಜಿನುಗ್ತಿದ್ಯಾ? ಮೊದ್ಲು ವಾಷರ್ ನೋಡಿ

ನಮ್ಮನೇಲಿ ಪ್ರೆಷರ್ ಪಂಪ್ ಹಾಕಿಸಿದ ಮೇಲೆ ಮೆಷಿನ್ನಿನ ನಲ್ಲಿ ಕೆಳಗೆ ದಿನಾ ಬೆಳಗ್ಗೆ ಅಂಗೈಯಷ್ಟು ನೀರು ನಿಂತಿರೋದು. ನಾನು ಕಟಿಂಗ್ ಪ್ಲೇಯರ್ ತಗೊಂಡು ನಟ್ ಇನ್ನೂ ಬಿಗಿ ಮಾಡ್ದೆ, ಎರಡು ದಿನ ಸೋರೋದು ನಿಂತಿತ್ತು, ಮೂರನೇ ದಿನ ಮೊದ್ಲಿಗಿಂತ ಜಾಸ್ತಿ ಸೋರಕ್ಕೆ ಶುರುವಾಯ್ತು. ಬಿಚ್ಚಿ ನೋಡಿದ್ರೆ ಒಳಗಿನ ರಬ್ಬರ್ ವಾಷರ್ ಗಟ್ಟಿಯಾಗಿ, ನಾನು ಬಿಗಿದ ರಭಸಕ್ಕೆ ಸೀಳೇ ಹೋಗಿತ್ತು.

ಮೊದ್ಲು ಎಲ್ಲಿಂದ ಸೋರ್ತಿದೆ ಅಂತ ಗೊತ್ತು ಮಾಡ್ಕೊಳ್ಳಿ. ಎಲ್ಲಾ ಒಣಬಟ್ಟೆಯಿಂದ ಒರೆಸಿ, ನಲ್ಲಿ ತಿರುಗಿಸೋ ಹಿಡಿಗೆ ಒಂದು, ಪೈಪಿನ ನಟ್‌ಗೆ ಒಂದು ಟಿಶ್ಯೂ ಸುತ್ತಿ ಹತ್ತು ನಿಮಿಷ ಬಿಡಿ. ಹಿಡಿ ಹತ್ರ ಒದ್ದೆಯಾದ್ರೆ ತೊಂದ್ರೆ ನಲ್ಲಿದೇ, ಪೈಪಿಂದಲ್ಲ. ನಟ್ ಹತ್ರ ಆದ್ರೆ ವಾಷರ್.

ನಲ್ಲಿ ಬಂದ್ ಮಾಡಿ, ಮೆಷಿನ್ನನ್ನ ಒಂದರ್ಧ ನಿಮಿಷ ನೀರು ತುಂಬೋ ಹಾಗೆ ಓಡಿಸಿ ಪೈಪಿನ ಒತ್ತಡ ಇಳಿಸಿ, ಆಮೇಲೆ ಪ್ಲಗ್ ತೆಗೀರಿ. ಕೆಳಗೊಂದು ಬಕೆಟ್ ಇಟ್ಟು ನಟ್ ಬಿಚ್ಚಿ. ಹಳೇ ವಾಷರ್ ಪೂರ್ತಿ ತೆಗೆದು, ನಲ್ಲಿ ಬಾಯಿಗೆ ಬೋರ್‌ವೆಲ್ ನೀರಿನ ಬಿಳಿ ಉಪ್ಪು ಕಟ್ಟಿದ್ರೆ ಹಳೇ ಟೂತ್‌ಬ್ರಷ್ಷಲ್ಲಿ ಉಜ್ಜಿ, ಯಾಕಂದ್ರೆ ವಾಷರ್ ಕೂರೋ ಜಾಗ ನುಣ್ಣಗಿಲ್ದಿದ್ರೆ ಹೊಸದೂ ಸೋರತ್ತೆ. ಹಾರ್ಡ್‌ವೇರ್ ಅಂಗಡಿಗೆ ಹಳೇ ವಾಷರ್ ತಗೊಂಡೇ ಹೋಗಿ, ಸಾಮಾನ್ಯವಾಗಿ ಮುಕ್ಕಾಲು ಇಂಚಿಂದು. ಹೊಸ ವಾಷರ್ ಸಮವಾಗಿ ಕೂರಿಸಿ, ಕೈಯಲ್ಲೇ ಬಿಗಿಯೋವಷ್ಟು ಬಿಗಿದು, ಮೇಲೆ ಕಾಲು ಸುತ್ತು ಪ್ಲೇಯರ್‌ನಲ್ಲಿ, ಅಷ್ಟೇ. ಈ ನಟ್ ಮೇಲೆ ಟೆಫ್ಲಾನ್ ಟೇಪ್ ಸುತ್ತೋದು ವೇಸ್ಟು, ಇಲ್ಲಿ ನೀರು ತಡೆಯೋದು ನಟ್ಟಿನ ಥ್ರೆಡ್ ಅಲ್ಲ, ವಾಷರ್.

ಈಗ ಪೈಪು ಒಡೆಯೋ ವಿಷ್ಯ, ನಂಗೆ ಹೆಚ್ಚು ಭಯ ಇರೋದು ಇದರದ್ದೇ. ಮೆಷಿನ್ ಒಳಗಿನ ವಾಲ್ವ್ ತುಂಬುವಾಗ ಮಾತ್ರ ತೆಗಿಯತ್ತೆ. ನಲ್ಲಿ ತೆಗೆದೇ ಬಿಟ್ರೆ ಬಟ್ಟೆ ಒಗೀದೇ ಇರೋ ಹೊತ್ತಲ್ಲೂ ಪೈಪಿನ ಮೇಲೆ ಒತ್ತಡ ಇದ್ದೇ ಇರತ್ತೆ. ಟ್ಯಾಂಕು ನಲ್ಲಿಗಿಂತ 10 ಮೀಟರ್ ಎತ್ತರ ಇದ್ರೆ ಸುಮಾರು 1 ಬಾರ್, ಪಂಪ್ ಇದ್ರೆ ಅದರ ಮೇಲೆ ಇನ್ನಷ್ಟು. ಅದೂ ಮೆಷಿನ್ನನ್ನ ಗೋಡೆಗೆ ತಳ್ಳಿ ಪೈಪು ಮಡಿಚಿದ್ರೆ ಅಲ್ಲೇ ಮೊದ್ಲು ಸೋಲತ್ತೆ. ಕೈಯಾಡಿಸಿ ನೋಡಿ: ನಟ್ ಪಕ್ಕ ಉಬ್ಬಿದ್ಯಾ, ಬಿರುಕು ಬಿಟ್ಟಿದ್ಯಾ, ಗಟ್ಟಿಯಾಗಿದ್ಯಾ? ಒಂದಿದ್ರೂ ರಿಪೇರಿ ಬೇಡ, ಟೇಪ್ ಸುತ್ತೋದೂ ಬೇಡ, ಬದಲಾಯಿಸಿ.

ಪಂಪ್ ಇರೋ ಮನೆಗೆ ನಾನು ಹೇಳೋದು ಹೊರಗಡೆ ಸ್ಟೀಲ್ ಜಾಲರಿ ಹೆಣೆದಿರೋ ಪೈಪು. ಜಾಲರಿ ಪೈಪು ಉಬ್ಬೋದನ್ನ ತಡೆಯತ್ತೆ, ಆದ್ರೆ ಒಳಗಿರೋದು ರಬ್ಬರ್ರೇ, ಹಾಗಾಗಿ ಅದನ್ನೂ ಐದು ವರ್ಷಕ್ಕೊಮ್ಮೆ ಬದಲಾಯಿಸೋದು ಒಳ್ಳೇದು. ಹಾಕಿದ ದಿನಾಂಕ ನಟ್ ಪಕ್ಕ ಮಾರ್ಕರ್‌ನಲ್ಲಿ ಬರೆದಿಡಿ.

ಬಟ್ಟೆ ಮುಗಿದ ತಕ್ಷಣ ನಲ್ಲಿ ಬಂದ್ ಮಾಡಿ, ಊರಿಗೆ ಹೊರಡೋ ಮುಂಚೆ ಅಂತೂ ಇನ್ನೊಮ್ಮೆ ತಿರುಗಿಸಿ ನೋಡಿ. ನಲ್ಲಿ ಮೆಷಿನ್ ಹಿಂದೆ ಕೈಗೆಟುಕದ ಕಡೆ ಇದ್ರೆ ಯಾರೂ ಬಂದ್ ಮಾಡಲ್ಲ, ಪ್ಲಂಬರ್ ಬಂದಾಗ ಅದನ್ನ ಪಕ್ಕಕ್ಕೆ ಹಾಕಿಸಿಕೊಳ್ಳಿ.