ಕಾಲ್ ಶುರುವಿನ "ಹಲೋ ಹಲೋ" ಹೆಂಗ್ ನಿಂತಿತು

ಇಳಕಲ್‌ನಾಗ ನಮ್ಮದು ಸಣ್ಣ ಸೀರಿ ವ್ಯಾಪಾರ, ಸೋಮವಾರ ಮುಂಜಾನೆ ನೇಕಾರರು, ಪುಣೆ ಗಿರಾಕಿ ಎಲ್ಲಾ ಸೇರಿ ಝೂಮ್ ಕಾಲ್. ನಾ "ಕೇಳಸ್ತೈತೇನ್ರಿ?" ಅಂತಿದ್ದೆ, ಒಂದು ಸೆಕೆಂಡ್ ಸುಮ್ಮ, ಮತ್ತ ನಾ "ಹಲೋ" ಅನ್ನೂದು ಅವರ "ಹ್ಞೂಂ ಕೇಳಸ್ತೈತಿ" ಮ್ಯಾಲೆ ಬೀಳೂದು, ಇಬ್ಬರೂ ನಿಲ್ಲೂದು, ಇಬ್ಬರೂ ಮತ್ತ ಕೂಡೇ ಶುರು ಮಾಡೂದು. ನೆಟ್ ಸ್ಲೋ ಇದ್ದಾಗ ಮಾತು ಹೋಗಿ ಉತ್ತರ ಬರಾಕ ಟೈಮ್ ಹಿಡಿತೈತಿ, ಅದನ್ನ ನಾ ಕೇಳಿಸಿಲ್ಲ ಅಂತ ತಿಳಕೊಂತಿದ್ದೆ.

ಈಗ ಒಬ್ಬರ ಹೆಸರು ಹಿಡದು "ಬಸಣ್ಣಾರ, ದನಿ ಬಂದ್ರ ಕೈ ಎತ್ತ್ರಿ" ಅಂದು ಮನಸಿನ್ಯಾಗ ಮೂರು ಎಣಸ್ತೀನಿ. ಕೈಗೆ ಮಾತಿನಂಗ ಡಿಕ್ಕಿ ಆಗಂಗಿಲ್ಲ ನೋಡ್ರಿ.

ತುಟಿ ಅಲ್ಲಾಡಿ ದನಿ ಇಲ್ಲಂದ್ರ ಹೆಸರಿನ ಬಾಜೂಕ ಮೈಕಿಗೆ ಕೆಂಪು ಗೀಟು ಇರತೈತಿ. ಹೋಸ್ಟ್ ನಾನ, Ask to Unmute ಒತ್ತತೀನಿ, ಅವರ ಮೊಬೈಲ್‌ನಾಗ ಕೇಳತೈತಿ, ಅವರ ಒಪ್ಪಬೇಕು. ಮೊದಲ "ಮ್ಯೂಟ್ ಐತ್ರೀ" ಅಂತ ಎಲ್ಲಾರ ಮುಂದ ಒದರತಿದ್ದೆ, ಹಿರ್ಯಾರು ಪಾಪ ನಾಚಕೊಂತಿದ್ರು.

ತಡಾ ಮಾಡಿ ಬಂದವರಿಗೆ ಬರೇ ತಲಿ ಅಲ್ಲಾಡಸ್ತೀನಿ, ಮಾತು ನಿಲ್ಲಸಂಗಿಲ್ಲ. ಅವರು ಬರೂಕಿಂತ ಮೊದಲಿನ ಚಾಟ್ ಸಾಮಾನ್ಯವಾಗಿ ಅವರಿಗೆ ಕಾಣಂಗಿಲ್ಲ, ಅದಕ ಬಂದ ಮ್ಯಾಲೆನ ಒಂದ ಸಾಲು ಹಾಕ್ತೀನಿ: "ಬರ್ರಿ ಅಣ್ಣಾರ, ಟೋಪ್ ತೆನಿ ಸೆರಗಿನ ರೇಟ್ ನಡದೈತಿ."