ಅರ್ಧ ಪುಟದ ಪತ್ರಕ್ಕೆ ವಾಪಸ್ ಬಂದ 2,065 ರೂಪಾಯಿ

ನಮ್ಮ ಲೆಕ್ಕಪರಿಶೋಧಕರಿಗೆ ಇದನ್ನು ಮೊದಲು ತೋರಿಸಬೇಕೆಂದುಕೊಂಡಿದ್ದೆ. "ಬ್ಯಾಂಕು ಕತ್ತರಿಸಿಕೊಂಡ ದುಡ್ಡು ಹುಲಿ ಬಾಯಿಗೆ ಹೋದ ಕುರಿ ಇದ್ದ ಹಾಗೆ, ಖರ್ಚಿಗೆ ಹಾಕಿ ಮರೆತುಬಿಡಿ" ಎಂದವರು ಅವರೇ. ಕುರಿ ವಾಪಸ್ ಬಂದಿದೆ. ಉಣ್ಣೆಯೂ ಪೂರ್ತಿ ಇದೆ.

ನನ್ನದು ರಟ್ಟಿನ ಪೆಟ್ಟಿಗೆ ಮಾಡುವ ಸಣ್ಣ ಕಾರ್ಖಾನೆ. ಯಂತ್ರದ ಸಾಲದ ಕಂತು ಪ್ರತಿ ತಿಂಗಳ ಐದರಂದು, ಅದೇ ಶಾಖೆಯ ಚಾಲ್ತಿ ಖಾತೆಯಿಂದ ತಾನಾಗಿ ಕಡಿತವಾಗುತ್ತದೆ. ಕಂತು 1.62 ಲಕ್ಷದ ಆಸುಪಾಸು. 2025ರ ಆಗಸ್ಟ್ 4, ಸೋಮವಾರ ಸಂಜೆ ಬೆಂಗಳೂರಿನ ಗಿರಾಕಿ 1.85 ಲಕ್ಷ ಕಳಿಸಿದರು. ಎರಡು ಲಕ್ಷಕ್ಕಿಂತ ಕಡಿಮೆಯಾದ್ದರಿಂದ ಆರ್‌ಟಿಜಿಎಸ್ ಆಗುವುದಿಲ್ಲ, ನೆಫ್ಟ್ ಮಾಡಿದರು. ಹಣ ನನ್ನ ಖಾತೆಗೆ ಬಂದದ್ದು ಬುಧವಾರ ಬೆಳಿಗ್ಗೆ ಹನ್ನೊಂದು ದಾಟಿದ ಮೇಲೆ. ಮಧ್ಯದ ಮಂಗಳವಾರ ಕಂತು ಕಡಿತವಾಗದೆ ಹಿಂದೆ ಹೋಯಿತು. ದಂಡ ಶುಲ್ಕ 1,250, ಅದರ ಮೇಲೆ ಜಿಎಸ್‌ಟಿ 225. ಕಡಿತ ವಿಫಲವಾದುದಕ್ಕೆ 500, ಅದರ ಮೇಲೆ 90. ಒಟ್ಟು 2,065.

ಇದು ಮೂರನೆಯ ಸಲ. ಹಿಂದಿನ ಎರಡು ಸಲವೂ ಪತ್ರ ಬರೆದು ಸೋತಿದ್ದೆ, ಆ ಲೆಕ್ಕದಲ್ಲಿ ಹತ್ತಿರ ಹತ್ತಿರ ನಾಲ್ಕು ಸಾವಿರ ಹೋಗಿದೆ. ಮೊದಲ ಪತ್ರ ಮೂರು ಪುಟ ಇತ್ತು. ಹದಿನಾಲ್ಕು ವರ್ಷದಿಂದ ನಿಮ್ಮ ಗ್ರಾಹಕ, ನಿಮ್ಮ ತಂತ್ರಾಂಶ ಸರಿಯಿಲ್ಲ, ಓಂಬುಡ್ಸ್‌ಮನ್‌ಗೆ ಹೋಗುತ್ತೇನೆ, ಎಲ್ಲವೂ ಇತ್ತು. ಇರಬೇಕಾದ ಒಂದೇ ಒಂದು ಸಂಗತಿ, ಹಣ ಯಾವ ಗಂಟೆಗೆ ಹೊರಟು ಯಾವ ಗಂಟೆಗೆ ಸೇರಿತು ಎಂಬುದು, ಎರಡನೇ ಪುಟದ ಕೆಳಗೆ ಹೂತುಹೋಗಿತ್ತು. ಎರಡನೇ ಪತ್ರದಲ್ಲಿ ಕೈಮುಗಿದೆ: "ದಯಮಾಡಿ, ಸಣ್ಣ ಉದ್ಯಮಿ, ಕಷ್ಟದಲ್ಲಿದ್ದೇನೆ." ಕಷ್ಟ ಎಂಬ ಮಾತು ಓದಿದ ಸಾಲದ ವಿಭಾಗದವರು ದಾಸ್ತಾನು ಪಟ್ಟಿ ಕೇಳಿದರು. ದಂಡ ಹೋಗಲಿಲ್ಲ, ಹೊಸ ಕೆಲಸ ಬಂತು.

ಈ ಸಲ ಪತ್ರ ಬರೆಯುವ ಮೊದಲು ನಾನು ಮಾಡಿದ ಕೆಲಸ ಬೇರೆ. ಸಾಲದ ವಿಭಾಗದಲ್ಲಿ ಹಿಂದೆ ಇದ್ದ ಒಬ್ಬರ ಜೊತೆ ಕಾಫಿ ಕುಡಿದು, ಶುಲ್ಕ ವಾಪಸ್ ಕೊಡುವಾಗ ವ್ಯವಸ್ಥಾಪಕರು ನಿಜವಾಗಿ ಏನು ಮಾಡುತ್ತಾರೆಂದು ಕೇಳಿದೆ. ಅವರು ವೋಚರು ಹಾಕಬೇಕು, ಅದರಲ್ಲಿ ಕಾರಣ ಎಂಬ ಒಂದು ಸಾಲು ತುಂಬಬೇಕು, ಆಡಿಟ್ ಬಂದಾಗ ಆ ಸಾಲಿಗೆ ಅವರೇ ಉತ್ತರ ಕೊಡಬೇಕು. ಅಷ್ಟೇ. ಅಂದರೆ ನನ್ನ ಪತ್ರ ಒಪ್ಪಿಸಬೇಕಾದದ್ದು ವ್ಯವಸ್ಥಾಪಕರನ್ನಲ್ಲ, ಒಂದು ವರ್ಷದ ನಂತರ ಬರುವ ಆಡಿಟರನ್ನು. ವ್ಯವಸ್ಥಾಪಕರು ಹಾಗೆಯೇ ಎತ್ತಿ ಬರೆದುಕೊಳ್ಳಬಹುದಾದ ಒಂದು ಸಾಲನ್ನು ನಾನು ಕೊಡಬೇಕು. ಮೂರು ಪುಟದಲ್ಲಿ ಆ ಸಾಲನ್ನು ಅವರು ಹುಡುಕಬೇಕಿತ್ತು, ಹುಡುಕಲಿಲ್ಲ. ತಪ್ಪು ಅವರದಲ್ಲ.

ಸಾಲು ಯಾವುದೆಂದು ಗೊತ್ತಾದ ಮೇಲೆ ಪುರಾವೆ ಬೇಕು. ನೆಫ್ಟ್ ಅರ್ಧ ಗಂಟೆಗೊಂದು ಕಂತೆಯಾಗಿ ಇತ್ಯರ್ಥವಾಗುತ್ತದೆ. ಇತ್ಯರ್ಥವಾದ ಎರಡು ಗಂಟೆಯೊಳಗೆ ಪಡೆಯುವ ಬ್ಯಾಂಕು ಜಮೆ ಮಾಡಬೇಕು, ಇಲ್ಲವೇ ಹಿಂತಿರುಗಿಸಬೇಕು. ತಡವಾದರೆ ರೆಪೊ ದರದ ಮೇಲೆ ಶೇಕಡಾ 2 ಸೇರಿಸಿ, ಗ್ರಾಹಕ ಕೇಳದಿದ್ದರೂ ಬಡ್ಡಿ ಕೊಡಬೇಕು. ಇದು ನಿಮಗೆಲ್ಲ ಗೊತ್ತಿರುವುದೇ. ಗೊತ್ತಿದ್ದರೂ ಸಾಬೀತು ಮಾಡುವುದು ಕಷ್ಟ, ಏಕೆಂದರೆ ನಮ್ಮ ಖಾತೆಯ ಪಟ್ಟಿಯಲ್ಲಿ ದಿನಾಂಕ ಇರುತ್ತದೆ, ಗಂಟೆ ಇರುವುದಿಲ್ಲ. ಗಂಟೆ ಇರುವುದು ಎರಡು ಕಡೆ. ಒಂದು, ನನ್ನ ಮೊಬೈಲಿಗೆ ಬಂದ ಜಮೆಯ ಸಂದೇಶ: 6ನೇ ತಾರೀಕು 11.14. ಇನ್ನೊಂದು ಕಳಿಸಿದವರ ಕಡೆ. ಜಮೆಯಾದ ಮೇಲೆ ಅವರ ಬ್ಯಾಂಕಿಗೆ ಖಚಿತಪಡಿಸುವ ಸಂದೇಶ ಹೋಗುತ್ತದೆ, ಅವರ ಮೊಬೈಲಿಗೂ ಬರುತ್ತದೆ. ಗಿರಾಕಿಯ ಲೆಕ್ಕದ ಹುಡುಗನಿಗೆ ಎರಡು ಸಲ ಫೋನು ಮಾಡಿ, ಸೋಮವಾರ 5.10ಕ್ಕೆ ಹಣ ಹೊರಟ ಸ್ಲಿಪ್ಪನ್ನೂ ಆ ಸಂದೇಶವನ್ನೂ ತರಿಸಿಕೊಂಡೆ.

ಒಂದು ಕುತೂಹಲದ ವಿಷಯ. ಆ ಸ್ಲಿಪ್ಪಿನ ಯುಟಿಆರ್, ಅಂದರೆ ರವಾನೆಯ ಗುರುತಿನ ಸಂಖ್ಯೆ, ಹದಿನಾರು ಅಕ್ಷರದ್ದು, ಅದರ ಮಧ್ಯೆ 25216 ಎಂದಿತ್ತು. 25 ವರ್ಷ, 216 ವರ್ಷದ ಎಷ್ಟನೆಯ ದಿನ ಎಂಬುದು. ಜನವರಿಯಿಂದ ಎಣಿಸಿದರೆ 216ನೆಯ ದಿನ ಆಗಸ್ಟ್ 4. ಎಲ್ಲ ಬ್ಯಾಂಕುಗಳ ಯುಟಿಆರ್ ಹೀಗೆಯೇ ಇರುವುದಿಲ್ಲ, ಕೆಲವರದು ತಿರುಗುಮುರುಗಾಗಿರುತ್ತದೆ, ಕೆಲವರದು ಇನ್ನೂ ಉದ್ದ. ಆದರೆ ಇದ್ದಾಗ ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆಯುವುದರಲ್ಲಿ ಒಂದು ಸುಖ ಇದೆ.

ಇಲ್ಲಿ ನಾನು ಮಾಡಿದ ಒಂದು ಜಾಣತನ ಹೇಳಿಬಿಡುತ್ತೇನೆ. ದಂಡದ ಮಾತೆತ್ತುವ ಮೊದಲೇ, ಆರು ದಿನ ಮುಂಚೆ, ಪ್ರತ್ಯೇಕವಾಗಿ ನಾಲ್ಕು ಸಾಲಿನ ಇಮೇಲ್ ಹಾಕಿ ನೆಫ್ಟ್ ತಡವಾದ ಬಡ್ಡಿಯನ್ನು ಮಾತ್ರ ಕೇಳಿದೆ. ಆಗ ರೆಪೊ 5.5, ಎರಡು ಸೇರಿಸಿದರೆ 7.5. 1.85 ಲಕ್ಷಕ್ಕೆ ದಿನಕ್ಕೆ 38 ರೂಪಾಯಿ, ಎರಡು ದಿನಕ್ಕೆ 76. ನನ್ನ ಭಾವ ನಕ್ಕರು: "ಎಪ್ಪತ್ತಾರು ರೂಪಾಯಿಗೆ ಇಮೇಲಾ?" ಆ ಎಪ್ಪತ್ತಾರು ಖಾತೆಗೆ ಬಂದ ದಿನ ನಾನೂ ನಕ್ಕೆ. ತಡ ತನ್ನದೇ ಎಂದು ಬ್ಯಾಂಕು ತನ್ನ ಪುಸ್ತಕದಲ್ಲೇ ಬರೆದುಕೊಂಡಿತ್ತು. ಇನ್ನು ದಂಡಕ್ಕೆ ನಿಲ್ಲಲು ಕಾಲೆಲ್ಲಿ?

ಆಮೇಲೆ ಕೊಟ್ಟ ಪತ್ರ ಇದು. ಹೆಸರು, ಖಾತೆ ಸಂಖ್ಯೆ ತೆಗೆದಿದ್ದೇನೆ.

ವಿಷಯ: ಆಗಸ್ಟ್ 5ರ ಕಂತಿಗೆ ವಿಧಿಸಿದ ರೂ. 2,065 ವಾಪಸ್ ಜಮೆ ಮಾಡುವ ಬಗ್ಗೆ.

ಮಾನ್ಯರೇ,

ನನ್ನ ಚಾಲ್ತಿ ಖಾತೆಗೆ ರೂ. 1,85,000 ನೆಫ್ಟ್ ಮೂಲಕ 4-8-2025ರ ಸಂಜೆ 5.10ಕ್ಕೆ ರವಾನೆಯಾಗಿದೆ. 5.30ರ ಕಂತೆಯ ಪ್ರಕಾರ ಅಂದು ರಾತ್ರಿ 7.30ರೊಳಗೆ ಜಮೆಯಾಗಬೇಕಿತ್ತು. ಜಮೆಯಾದದ್ದು 6-8-2025ರ ಬೆಳಿಗ್ಗೆ 11.14ಕ್ಕೆ. ಈ ವಿಳಂಬಕ್ಕೆ ತಮ್ಮ ಬ್ಯಾಂಕು ರೂ. 76 ಬಡ್ಡಿ ಕೊಟ್ಟಿದೆ.

ಸಮಯಕ್ಕೆ ಜಮೆಯಾಗಿದ್ದರೆ 5-8-2025ರಂದು ಖಾತೆಯಲ್ಲಿ ಕಂತಿಗಿಂತ ಹೆಚ್ಚು ಹಣ ಇರುತ್ತಿತ್ತು. ಜಮೆ ಬ್ಯಾಂಕಿನಲ್ಲಿ ತಡವಾದ ಕಾರಣದಿಂದಲೇ ಕಂತು ಕಡಿತವಾಗಿಲ್ಲ.

ಆದ್ದರಿಂದ ದಂಡ ಶುಲ್ಕ ರೂ. 1,250, ಕಡಿತ ವೈಫಲ್ಯ ಶುಲ್ಕ ರೂ. 500 ಮತ್ತು ಇವುಗಳ ಜಿಎಸ್‌ಟಿ ರೂ. 315, ಒಟ್ಟು ರೂ. 2,065 ವಾಪಸ್ ಜಮೆ ಮಾಡಿ, ಸಾಲದ ಖಾತೆಯಲ್ಲಿ ಆಗಸ್ಟ್ 5ರ ಬಾಕಿಯ ಗುರುತನ್ನು ತೆಗೆಯಬೇಕೆಂದು ಕೋರುತ್ತೇನೆ.

ಲಗತ್ತು: ರವಾನೆಯ ಸ್ಲಿಪ್, ಜಮೆಯ ಸಂದೇಶ, ಖಾತೆಯ ಪಟ್ಟಿ (ಗುರುತು ಹಾಕಿದೆ).

ಅಷ್ಟೇ. "ಜಮೆ ಬ್ಯಾಂಕಿನಲ್ಲಿ ತಡವಾದ ಕಾರಣದಿಂದಲೇ ಕಂತು ಕಡಿತವಾಗಿಲ್ಲ" ಎಂಬುದು ಆಡಿಟರಿಗಾಗಿ ಬರೆದ ಸಾಲು. ವೋಚರಿನಲ್ಲಿ ಅದರ ಇಂಗ್ಲಿಷ್ ರೂಪ ಪದಕ್ಕೆ ಪದ ಇಳಿದದ್ದನ್ನು ಆಮೇಲೆ ನನ್ನ ಕಣ್ಣಾರೆ ನೋಡಿದೆ.

ಪತ್ರದಲ್ಲಿ ಇಲ್ಲದ್ದನ್ನೂ ಗಮನಿಸಿ. ಹಣ ಏಕೆ ತಡವಾಯಿತು ಎಂದು ನಾನು ಕೇಳಿಲ್ಲ. ಹಿಂದೆ ಕೇಳಿ ಕೆಟ್ಟಿದ್ದೆ: ಏಕೆ ಎಂದ ಕೂಡಲೇ ಪತ್ರ ತಾಂತ್ರಿಕ ವಿಭಾಗಕ್ಕೆ ಹೋಗುತ್ತದೆ, ಅಲ್ಲಿಂದ "ಪರಿಶೀಲನೆಯಲ್ಲಿದೆ" ಎಂಬ ಉತ್ತರ ಬರುತ್ತದೆ, ತಿಂಗಳು ಕಳೆಯುತ್ತದೆ. ಕಾರಣ ಏನೇ ಇರಲಿ, ಗಂಟೆಗಳು ಬದಲಾಗುವುದಿಲ್ಲ. ಓಂಬುಡ್ಸ್‌ಮನ್ ಹೆಸರೂ ಇಲ್ಲ. ಪ್ರತಿಯ ಮೇಲೆ ದಿನಾಂಕದ ಮೊಹರು ಹಾಕಿಸಿಕೊಂಡರೆ ಸಾಕು. ಮೂವತ್ತು ದಿನ ಉತ್ತರ ಬರದಿದ್ದರೆ cms.rbi.org.in ನಲ್ಲಿ ದೂರು ಹಾಕಬಹುದೆಂಬುದು ಶಾಖೆಯಲ್ಲಿ ಎಲ್ಲರಿಗೂ ಗೊತ್ತು. ಬೆದರಿಸಿದರೆ ಅವರು ಕಾನೂನು ವಿಭಾಗವನ್ನು ಕೇಳುತ್ತಾರೆ, ಮೊಹರು ಹಾಕಿಸಿದರೆ ಕ್ಯಾಲೆಂಡರು ನೋಡುತ್ತಾರೆ.

ಬಾಕಿಯ ಗುರುತಿನ ಸಾಲನ್ನು ದಯವಿಟ್ಟು ಬಿಡಬೇಡಿ. ಕಂತಿನ ದಿನದ ಕೊನೆಯಲ್ಲಿ ಲೆಕ್ಕ ಮುಗಿಸುವಾಗ ಕಂತು ಬಂದಿಲ್ಲವೆಂದರೆ ಸಾಲಕ್ಕೆ ಎಸ್‌ಎಂಎ-0 ಎಂಬ ಗುರುತು ಬೀಳುತ್ತದೆ. ಹಣ ವಾಪಸ್ ಬಂದು ಗುರುತು ಉಳಿದರೆ, ಮುಂದೆ ಮಿತಿ ಹೆಚ್ಚಿಸಲು ಹೋದಾಗ ಯಾರೋ ಅದನ್ನು ಎತ್ತಿ ತೋರಿಸುತ್ತಾರೆ. ನನ್ನ ಮೊದಲ ಎರಡು ಸಲದ ಗುರುತುಗಳು ಈಗಲೂ ಇವೆ, ಆ ನಾಲ್ಕು ಸಾವಿರಕ್ಕಿಂತ ಅವೇ ದುಬಾರಿ.

ಪತ್ರವನ್ನು ಕನ್ನಡದಲ್ಲಿ ಕೊಟ್ಟು, ಹಿಂದೆ ಇಂಗ್ಲಿಷ್ ಪ್ರತಿ ಲಗತ್ತಿಸಿದೆ. ವ್ಯವಸ್ಥಾಪಕರು ಹೊರ ರಾಜ್ಯದವರು. ಅವರು ಕನ್ನಡದ ಪುಟವನ್ನೇ ಮುಂದಿಟ್ಟುಕೊಂಡು ಬರೀ ಅಂಕಿಗಳ ಮೇಲೆ ಬೆರಳು ಓಡಿಸಿದರು: 4, 5.10, 7.30, 6, 11.14. "ಇದು ನಮ್ಮ ಕಡೆಯದೇ, ಸಾರ್" ಎಂದು ಅರೆಗನ್ನಡದಲ್ಲಿ ಹೇಳಿದರು. ನಾಲ್ಕನೇ ದಿನ ಹಣ ಬಂತು, ಗುರುತು ಹೋಗಲು ಇನ್ನೂ ಮೂರು ವಾರ ಹಿಡಿಯಿತು. ಪತ್ರದ ಎರಡನೇ ಪ್ರತಿಯನ್ನು ಯಾರಿಗೆ, ಯಾವ ಹೊತ್ತಿಗೆ ಕೊಟ್ಟೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಶಾಖೆಯವರೂ ಓದುತ್ತಾರೆ.

ಆಮೇಲೆ ಉಮೇದು ಹತ್ತಿ ಬೇರೆಯವರ ಪ್ರಕರಣಗಳಲ್ಲೂ ಕೈಯಾಡಿಸಿದೆ. ಪಕ್ಕದ ಮುದ್ರಣಾಲಯದವರು ಕಂತಿನ ದಿನವನ್ನೇ ಮರೆತಿದ್ದರು, ತಪ್ಪು ಪೂರ್ತಿ ಅವರದು. ಇದೇ ಧಾಟಿಯಲ್ಲಿ ಬರೆದರೆ ಸುಳ್ಳಾಗುತ್ತದೆ, ಗಂಟೆಗಳೇ ಹೇಳಿಬಿಡುತ್ತವೆ. ಹಾಗಾಗಿ ದಂಡದ ಮೇಲಿನ ಜಿಎಸ್‌ಟಿ ಒಂದನ್ನೇ ಕೇಳಿಸಿದೆ. ಸಾಲದ ಷರತ್ತು ಮುರಿದುದಕ್ಕೆ ಹಾಕುವ ದಂಡ ಶುಲ್ಕಕ್ಕೆ ಜಿಎಸ್‌ಟಿ ಇಲ್ಲವೆಂದು 2025ರ ಜನವರಿ 28ರ ಸುತ್ತೋಲೆ ಸ್ಪಷ್ಟಪಡಿಸಿದೆ. ದಂಡ ಉಳಿಯಿತು, ತೆರಿಗೆ ಇನ್ನೂರು ಚಿಲ್ಲರೆ ವಾಪಸ್ ಬಂತು.

ಇನ್ನೊಬ್ಬರದು ಪಂಪ್‌ಸೆಟ್ ಅಂಗಡಿ. ಹಣ ತಡವಾದದ್ದು ಒಂದು ಬ್ಯಾಂಕಿನಲ್ಲಿ, ಸಾಲ ಇದ್ದದ್ದು ಬೇರೊಂದು ಹಣಕಾಸು ಸಂಸ್ಥೆಯಲ್ಲಿ. ಅಲ್ಲಿ ನನ್ನ ಪತ್ರ ಬಿದ್ದುಹೋಯಿತು. "ನಿಮ್ಮ ಬ್ಯಾಂಕಿನ ತಡಕ್ಕೆ ನಾವೇಕೆ ಹೊಣೆ?" ಎಂದರು, ಅದು ಸರಿಯೂ ಹೌದು. ಈಗ ಉಲ್ಟಾ ಪ್ರಯೋಗ ನಡೆದಿದೆ: ಸಂಸ್ಥೆ ಹಾಕಿದ ದಂಡವನ್ನು ನಷ್ಟವೆಂದು ತೋರಿಸಿ, ತಡ ಮಾಡಿದ ಬ್ಯಾಂಕಿನಿಂದಲೇ ಕೇಳುವುದು. ಬಡ್ಡಿಯ ಐವತ್ತು ಚಿಲ್ಲರೆ ರೂಪಾಯಿ ಕಳೆದ ವಾರ ಬಂದಿದೆ. ದಂಡ ಕೇಳುವ ಎರಡನೇ ಪತ್ರವನ್ನು ಸೋಮವಾರ ಕೊಡುತ್ತೇವೆ.