ಗಂಟಿನಲ್ಲಿ ಅಲೆ ಎಷ್ಟು ವಾಪಸ್ ಬರುತ್ತದೆ? ಲೆಕ್ಕ ಹಾಕೋದು ಹೀಗೆ

ಒಂದು ತೆಳು ದಾರ, ಅದರ ತುದಿಗೆ ಗಂಟು ಹಾಕಿದ ಒಂದು ದಪ್ಪ ಹಗ್ಗ. ಎರಡೂ ಬಿಗಿಯಾಗಿವೆ. ದಾರದ ತುದಿಯನ್ನು ಒಮ್ಮೆ ಚಕ್ಕನೆ ಮೇಲೆತ್ತಿ ಇಳಿಸಿದರೆ ಒಂದು ಉಬ್ಬು ಓಡುತ್ತಾ ಹೋಗಿ ಗಂಟಿಗೆ ತಾಗುತ್ತದೆ. ಅಲ್ಲಿ ಅದು ಎರಡಾಗುತ್ತದೆ. ಒಂದು ಪಾಲು ಹಗ್ಗದೊಳಗೆ ಮುಂದೆ ಹೋಗುತ್ತದೆ, ಇನ್ನೊಂದು ತಲೆಕೆಳಗಾಗಿ ನಿಮ್ಮ ಕೈಗೆ ವಾಪಸ್ ಬರುತ್ತದೆ. ಎಷ್ಟು ಹೋಯಿತು, ಎಷ್ಟು ಬಂತು ಅನ್ನುವುದನ್ನು ಎರಡೇ ಎರಡು ಸಾಲಿನಲ್ಲಿ ಕಂಡುಹಿಡಿಯಬಹುದು. ಆಮೇಲೆ ಆ ವಾಪಸಾತಿಯನ್ನು ಪೂರ್ತಿ ನಿಲ್ಲಿಸಲೂಬಹುದು.

ಮೊದಲು ದಾರದ ಇಂಪೀಡೆನ್ಸ್ ಕಂಡುಹಿಡಿಯಿರಿ. ಹೆಸರು ದೊಡ್ಡದು, ವಿಷಯ ಚಿಕ್ಕದು. ದಾರದ ತುದಿಯನ್ನು ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಅಡ್ಡಕ್ಕೆ ಅಲ್ಲಾಡಿಸಿ ಅಲೆ ಕಳಿಸಲು ಎಷ್ಟು ಬಲ ಬೇಕೋ ಅದೇ ಇಂಪೀಡೆನ್ಸ್. ದಾರದ ಎಳೆತ `T`, ಒಂದು ಮೀಟರ್ ದಾರದ ದ್ರವ್ಯರಾಶಿ `μ` ಆದರೆ ಅಲೆಯ ವೇಗ `v` ಮತ್ತು ಇಂಪೀಡೆನ್ಸ್ `Z`ಗೆ ಸೂತ್ರ ಇದು:

```
v = √(T/μ)
Z = √(T·μ)
```

ಲೆಕ್ಕಕ್ಕೆ ಸುಲಭವಾದ ಅಂಕಿ ತೆಗೆದುಕೊಳ್ಳೋಣ. ಎಳೆತ 10 ನ್ಯೂಟನ್. ತೆಳು ದಾರ ಮೀಟರಿಗೆ 1 ಗ್ರಾಂ, ದಪ್ಪ ಹಗ್ಗ ಮೀಟರಿಗೆ 9 ಗ್ರಾಂ. ಗ್ರಾಂ ಅನ್ನು ಕಿಲೋಗ್ರಾಂಗೆ ಬದಲಿಸಲು ಮರೆಯಬೇಡಿ, ಲೆಕ್ಕ ಕೆಡುವುದು ಹೆಚ್ಚಾಗಿ ಇಲ್ಲೇ. ದಾರದ `Z` 0.1, ಹಗ್ಗದ `Z` 0.3 ಬರುತ್ತದೆ. ಅಂದರೆ ಹಗ್ಗವನ್ನು ಅದೇ ವೇಗದಲ್ಲಿ ಅಲ್ಲಾಡಿಸಲು ಮೂರು ಪಟ್ಟು ಬಲ ಬೇಕು. ಒಂಬತ್ತು ಪಟ್ಟಲ್ಲ, ವರ್ಗಮೂಲ ಇದೆಯಲ್ವಾ.

ಈಗ ಗಂಟಿನ ಹತ್ತಿರ ಬನ್ನಿ. ಬಂದ ಅಲೆಯ ಎತ್ತರ 1, ವಾಪಸ್ ಹೋದದ್ದು `r`, ದಾಟಿದ್ದು `t` ಎಂದಿಟ್ಟುಕೊಳ್ಳಿ. ಅಲೆ ಬಂದ ಕಡೆಯ ಇಂಪೀಡೆನ್ಸ್ `Z1`, ದಾಟಿ ಹೋಗುವ ಕಡೆಯದು `Z2`. ಗಂಟು ಬಿಚ್ಚಿಲ್ಲ, ಹಾಗಾಗಿ ಎರಡೂ ಕಡೆಯ ಎತ್ತರ ಒಂದೇ ಇರಬೇಕು. ಇದು ಮೊದಲ ಸಾಲು. ಎರಡನೆಯದು ಬಲದ್ದು: ಗಂಟಿಗೆ ತೂಕವೇ ಇಲ್ಲ ಎಂದುಕೊಂಡರೆ ಅದರ ಮೇಲೆ ಎರಡೂ ಕಡೆಯಿಂದ ಬೀಳುವ ಬಲ ಸರಿಸಮ ಆಗಬೇಕು, ಇಲ್ಲದಿದ್ದರೆ ಅದು ಎತ್ತಲೋ ಹಾರಿಹೋಗುತ್ತಿತ್ತು.

```
1 + r = t
Z1(1 - r) = Z2·t

r = (Z1 - Z2)/(Z1 + Z2)
t = 2·Z1/(Z1 + Z2)
```

ವಾಪಸ್ ಹೋಗುವ ಅಲೆ ಉಲ್ಟಾ ದಿಕ್ಕಿನಲ್ಲಿ ಓಡುವುದರಿಂದ ಬಲದ ಸಾಲಿನಲ್ಲಿ `r` ಮುಂದೆ ಮೈನಸ್ ಬಂದಿದೆ. ಅದನ್ನು ಪ್ಲಸ್ ಬರೆದರೆ ಮುಂದಿನದೆಲ್ಲ ಕೆಡುತ್ತದೆ.

ನಮ್ಮ ಅಂಕಿ ಹಾಕಿದರೆ `r` -0.5, `t` 0.5. ಮೈನಸ್ ಅಂದರೆ ತಲೆಕೆಳಗು. ಅರ್ಧ ಎತ್ತರದ ಉಬ್ಬು ಮುಂದೆ ಹೋಯಿತು, ಅರ್ಧ ಎತ್ತರದ ತಗ್ಗು ವಾಪಸ್ ಬಂತು.

ಇಲ್ಲಿ ಅರ್ಧ ಶಕ್ತಿ ಹೋಯಿತು, ಅರ್ಧ ಬಂತು ಎಂದು ತೀರ್ಮಾನಿಸುವುದು ಸುಲಭ. ಅದು ತಪ್ಪು. ಅಲೆ ಒಯ್ಯುವ ಶಕ್ತಿ ಎತ್ತರದ ವರ್ಗಕ್ಕೆ ತಕ್ಕಂತೆ ಇರುತ್ತದೆ, ಜೊತೆಗೆ ಅದನ್ನು ಹೊತ್ತ ದಾರದ `Z`ಗೂ ತಕ್ಕಂತೆ. ವಾಪಸ್ ಬಂದದ್ದು ಅದೇ ದಾರದಲ್ಲಿ, ಆದ್ದರಿಂದ 0.5ರ ವರ್ಗ, ಅಂದರೆ 25%. ದಾಟಿದ್ದು ಮೂರು ಪಟ್ಟು `Z` ಇರುವ ಹಗ್ಗದಲ್ಲಿ, ಆದ್ದರಿಂದ 3 × 0.25, ಅಂದರೆ 75%. ಎರಡೂ ಸೇರಿ 100 ಆಗದಿದ್ದರೆ ಎಲ್ಲೋ ತಪ್ಪಾಗಿದೆ, ಹಿಂದೆ ಹೋಗಿ ಹುಡುಕಿ.

ಅದೇ ಗಂಟಿಗೆ ಹಗ್ಗದ ಕಡೆಯಿಂದ ಅಲೆ ಕಳಿಸಿ ನೋಡಿ. ಈಗ `r` +0.5, `t` 1.5. ದಾಟಿದ ಅಲೆ ಬಂದದ್ದಕ್ಕಿಂತ ಎತ್ತರ! ಶಕ್ತಿ ಸುಮ್ನೆ ಹುಟ್ಟಿತಾ? ಇಲ್ಲ. ತೆಳು ದಾರದ `Z` ಮೂರನೇ ಒಂದು ಪಾಲು, ಎತ್ತರದ ವರ್ಗ 2.25, ಗುಣಿಸಿದರೆ ಮತ್ತೆ 75%. ಯಾವ ಕಡೆಯಿಂದ ಬಂದರೂ ದಾಟುವ ಶಕ್ತಿಯ ಪಾಲು ಒಂದೇ. ಈ ಲೆಕ್ಕದಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಇದು.

ಇನ್ನು ಆ 25% ಅನ್ನು ಉಳಿಸುವುದು ಹೇಗೆ? ಎರಡರ ನಡುವೆ ಮೂರನೇ ದಾರದ ಒಂದು ತುಂಡು ಸೇರಿಸಬೇಕು. ಅದರ ಇಂಪೀಡೆನ್ಸ್ `√(Z1·Z2)` ಇರಬೇಕು, ಉದ್ದ ಆ ತುಂಡಿನಲ್ಲಿನ ತರಂಗದೂರದ ಕಾಲು ಭಾಗ ಇರಬೇಕು. ನಮ್ಮ ಲೆಕ್ಕಕ್ಕೆ `Z` ಸುಮಾರು 0.173, ಅಂದರೆ ಮೀಟರಿಗೆ 3 ಗ್ರಾಂ ತೂಗುವ ದಾರ. ಅದರಲ್ಲಿ ಅಲೆಯ ವೇಗ ಸೆಕೆಂಡಿಗೆ 57.7 ಮೀಟರ್. 50 ಹರ್ಟ್ಜ್‌ನಲ್ಲಿ ಅಲ್ಲಾಡಿಸುತ್ತಿದ್ದರೆ ತರಂಗದೂರ 1.15 ಮೀಟರ್, ಅದರ ಕಾಲು ಭಾಗ ಸುಮಾರು 29 ಸೆಂಟಿಮೀಟರ್. ತರಂಗದೂರವನ್ನು ತೆಳು ದಾರದ ವೇಗದಿಂದ ಲೆಕ್ಕ ಹಾಕಿದರೆ ತುಂಡಿನ ಉದ್ದ 50 ಸೆಂಟಿಮೀಟರ್ ಬರುತ್ತದೆ, ಅದು ಕೆಲಸ ಮಾಡುವುದಿಲ್ಲ.

ಇದು ಕೆಲಸ ಮಾಡುವ ರೀತಿಯನ್ನು ನಿಧಾನವಾಗಿ ನೋಡೋಣ. ಈಗ ಗಂಟು ಎರಡಾಯಿತು. ಮೊದಲ ಗಂಟಿನಿಂದ -0.268 ವಾಪಸ್ ಬರುತ್ತದೆ. ಉಳಿದದ್ದು ತುಂಡಿನೊಳಗೆ ಹೋಗಿ, ಎರಡನೇ ಗಂಟಿಗೆ ಬಡಿದು, ಮತ್ತೆ ಮೊದಲ ಗಂಟನ್ನು ದಾಟಿ ಬರುವಾಗ -0.249 ಆಗಿರುತ್ತದೆ. ಎರಡೂ ತಲೆಕೆಳಗೇ. ಆದರೆ ಎರಡನೆಯದು ಹೋಗಿ ಬರಲು 10 ಮಿಲಿಸೆಕೆಂಡ್ ತಗೊಂಡಿದೆ, 50 ಹರ್ಟ್ಜ್ ಅಲೆಗೆ ಅದು ಸರಿಯಾಗಿ ಅರ್ಧ ಸುತ್ತು. ಹಾಗಾಗಿ ಒಂದು ಕೆಳಗೆ ಎಳೆಯುವಾಗ ಇನ್ನೊಂದು ಮೇಲೆ ಎತ್ತುತ್ತದೆ. ಉಳಿದ ಚೂರು ವ್ಯತ್ಯಾಸವನ್ನು ತುಂಡಿನೊಳಗೇ ಓಡಾಡುತ್ತಿರುವ ಮುಂದಿನ ಸಣ್ಣ ಪ್ರತಿಫಲನಗಳು ಬಂದು ತುಂಬುತ್ತವೆ. ಮೊತ್ತ ಸೊನ್ನೆ. ಶಕ್ತಿ ಎಲ್ಲ ಹಗ್ಗಕ್ಕೆ ಹೋಗುತ್ತದೆ.

ಇದರ ಮಿತಿಯೂ ಇಲ್ಲೇ ಕಾಣುತ್ತದೆ. ಒಂದೇ ಒಂದು ಸಣ್ಣ ಉಬ್ಬನ್ನು ಕಳಿಸಿದರೆ ಎರಡು ವಾಪಸಾತಿಗಳು ಬೇರೆ ಬೇರೆ ಹೊತ್ತಿಗೆ ಬರುತ್ತವೆ, ಒಂದನ್ನೊಂದು ಅಳಿಸುವುದೇ ಇಲ್ಲ. ಆಗ ಸುಮಾರು 13% ವಾಪಸ್ ಬಂದೇ ಬರುತ್ತದೆ. ಆವೃತ್ತಿ 100 ಹರ್ಟ್ಜ್ ಮಾಡಿದರೆ ಅದೇ ತುಂಡು ಅರ್ಧ ತರಂಗದೂರ ಆಗಿಬಿಡುತ್ತದೆ, ಎರಡು ವಾಪಸಾತಿಗಳೂ ಒಂದೇ ದಿಕ್ಕಿಗೆ ಸೇರಿಕೊಂಡು ಮತ್ತೆ ಪೂರ್ತಿ 25% ಬರುತ್ತದೆ, ತುಂಡು ಇಲ್ಲವೇ ಇಲ್ಲ ಅನ್ನುವ ಹಾಗೆ. 150ರಲ್ಲಿ ಮತ್ತೆ ಸೊನ್ನೆ.

ಸರಿಯಾಗಿದೆಯಾ ಎಂದು ತಿಳಿಯಲು ತೆಳು ದಾರವನ್ನೇ ನೋಡಿ. ಪ್ರತಿಫಲನ ಇದ್ದರೆ ದಾರ ಕೆಲವು ಕಡೆ ಜಾಸ್ತಿ, ಕೆಲವು ಕಡೆ ಕಡಿಮೆ ಅಲ್ಲಾಡುತ್ತದೆ. `r` 0.5 ಇದ್ದಾಗ ಆ ಎರಡರ ಅನುಪಾತ 1.5ಕ್ಕೆ 0.5, ಅಂದರೆ ಮೂರು ಪಟ್ಟು, ಕಣ್ಣಿಗೇ ಕಾಣುತ್ತದೆ. ಹೊಂದಿಕೆ ಸರಿಯಾದರೆ ಉದ್ದಕ್ಕೂ ಒಂದೇ ಸಮ ಅಲ್ಲಾಡುತ್ತದೆ. ಆದರೆ ಹಗ್ಗದ ಆಚೆ ತುದಿಯಿಂದಲೂ ಅಲೆ ವಾಪಸ್ ಬರುತ್ತದೆ, ಅದನ್ನು ತಡೆಯದೆ ಅಳೆದರೆ ಗಂಟಿನ ತಪ್ಪೋ ತುದಿಯ ತಪ್ಪೋ ಗೊತ್ತಾಗದು. ಗಂಟಿನ ತೂಕವನ್ನೂ ಗಮನಿಸಿ. ತುಂಡು ಸೇರಿಸದ ಒಂದೇ ಗಂಟಿನ ಲೆಕ್ಕದಲ್ಲಿ, 50 ಹರ್ಟ್ಜ್‌ನಲ್ಲಿ 0.1 ಗ್ರಾಂ ಗಂಟು ತರುವ ಅಡ್ಡಿ 0.03ರಷ್ಟು, `Z1 + Z2` ಅಂದರೆ 0.4ರ ಮುಂದೆ ಅದು ಚಿಕ್ಕದು. 1 ಗ್ರಾಂ ಗಂಟಾದರೆ 0.31, ಆಗ ಮೇಲಿನ ಸೂತ್ರ ನಂಬಬೇಡಿ.

ಬೇರೆ ಬೇರೆ ಆವೃತ್ತಿಗಳು ಬರುತ್ತವೆ ಅನ್ನುವುದಾದರೆ ಕಾಲು ತರಂಗದ ತುಂಡು ಬಿಟ್ಟು, ದಪ್ಪ ನಿಧಾನವಾಗಿ ಏರುವ ದಾರ ಹಾಕಿ. ಏರುವ ಭಾಗದ ಉದ್ದ ಅತಿ ದೊಡ್ಡ ತರಂಗದೂರಕ್ಕಿಂತ ಸಾಕಷ್ಟು ಜಾಸ್ತಿ ಇರಲಿ.